ದೂರದಲ್ಲಿ ನಿಲ್ಲಿಸಿದ ವ್ಯಕ್ತಿ ಯಾಕೆ ಅಂಟಿಸಿದ ಹಾಗೆ ಕಾಣ್ತಾನೆ?

“ಮಂಜು ಮುಸುಕಿದ ಬೆಟ್ಟದ ಫೋಟೋದಲ್ಲಿ, ದೂರದ ಕಾಲುದಾರಿ ಮೇಲೆ ಒಬ್ಬನನ್ನು ಸೇರಿಸಿದ್ದೀನಿ. ಓಪಾಸಿಟಿ ಇಳಿಸಿದೆ, ಬ್ಲರ್ ಹಾಕಿದೆ. ಆದ್ರೂ ಕತ್ತರಿಸಿ ಅಂಟಿಸಿದ ಹಾಗೇ ಇದೆ. ಏನು ಮಾಡ್ಲಿ?”

ಮೊದಲು ಓಪಾಸಿಟಿಯನ್ನು ವಾಪಸ್ 100ಕ್ಕೆ ತನ್ನಿ. ಅದನ್ನು ಇಳಿಸಿದರೆ ಆತನ ಹಿಂದಿರುವ ಮರ, ಬಂಡೆ ಎಲ್ಲ ಮೈಯೊಳಗಿಂದ ಕಾಣುತ್ತವೆ. ನಿಜವಾದ ಮಂಜು ಆತನಿಗೂ ಕ್ಯಾಮೆರಾಗೂ ನಡುವೆ ಇರುತ್ತದೆ. ಅಂದರೆ ಆತನನ್ನು ತೆಳುವಾಗಿಸಬಾರದು, ಆತನ ಮೇಲೆ ಬಣ್ಣದ ಒಂದು ಪದರ ಹಾಕಬೇಕು.

ಎಷ್ಟು ಹಾಕಬೇಕು? ಇಲ್ಲೇ ಜಾಸ್ತಿ ಜನ ಎಡವುವುದು. ಹಿಂದಿನ ಬೆಟ್ಟ ನೋಡಿಕೊಂಡು ಆತನನ್ನೂ ಅಷ್ಟೇ ಮಸುಕು ಮಾಡುತ್ತಾರೆ. ಬೆಟ್ಟ ಕಿಲೋಮೀಟರ್‌ಗಟ್ಟಲೆ ಆಚೆ ಇರುತ್ತದೆ, ಆತ ಅಷ್ಟು ದೂರ ಇರೋದೇ ಇಲ್ಲ. 24 ಮಿ.ಮೀ. ಲೆನ್ಸ್, ಫುಲ್‌ಫ್ರೇಮ್ ಕ್ಯಾಮೆರಾ, ಫೋಟೋ 6000×4000 ಪಿಕ್ಸೆಲ್ ಅಂದುಕೊಳ್ಳಿ. 1.7 ಮೀಟರ್ ಎತ್ತರದವನು 100 ಮೀಟರ್ ದೂರದಲ್ಲಿ ನಿಂತರೆ ಸುಮಾರು 68 ಪಿಕ್ಸೆಲ್ ಎತ್ತರ ಬರುತ್ತಾನೆ. 500 ಮೀಟರ್ ಆಚೆ ಹೋದರೆ ಬರೀ 14 ಪಿಕ್ಸೆಲ್. ಹಾಗಾಗಿ ಇಂಥ ಫೋಟೋದಲ್ಲಿ ಕೈಕಾಲು ಗುರುತು ಸಿಗುವಷ್ಟು ದೊಡ್ಡದಾಗಿದ್ದಾನೆ ಅಂದರೆ ಆತ ಹತ್ತಿರದಲ್ಲೇ ಇದ್ದಾನೆ. ಶುಭ್ರ ಬಿಸಿಲಿನ ದಿನವಾದರೆ ಹೇಜ್, ಅಂದರೆ ಈ ಮಸುಕಿನ ಪದರ, ಬೇಕಾಗುವುದೇ ಇಲ್ಲ ಅನ್ನಬಹುದು. ನಿಮ್ಮದು ಮಂಜಿನ ಫೋಟೋ, ಆದ್ದರಿಂದ ಬೇಕು. ಆದರೆ ಅಳತೆ ಆತನ ಪಾದದ ಸಾಲಿನಿಂದ ತಗೊಳ್ಳಿ, ಬೆಟ್ಟದಿಂದ ಅಲ್ಲ.

ಪಾದ ಊರಿದ ನೆಲಕ್ಕೆ ಸಮನಾದ ದೂರದಲ್ಲಿ ಒಂದು ಮರ ಹುಡುಕಿ. ಅದರ ಬುಡದ ಅತಿ ಕಪ್ಪು ನೆರಳಿನ ಮೇಲೆ ಕರ್ಸರ್ ಇಟ್ಟು, ಫೋಟೋಶಾಪ್‌ನ Info ಪ್ಯಾನೆಲ್‌ನಲ್ಲಿ ಅಂಕಿ ಓದಿ. ಉದಾಹರಣೆಗೆ ಕೆಂಪು 92, ಹಸಿರು 104, ನೀಲಿ 118 ಬಂತು ಅನ್ನಿ. ಆ ದೂರದಲ್ಲಿ ಇದಕ್ಕಿಂತ ಕಪ್ಪಾಗಿ ಏನೂ ಕಾಣುವಂತಿಲ್ಲ, ಆತನ ತಲೆಕೂದಲೂ ಸೇರಿದಂತೆ. ಈಗ ದಿಗಂತದ ಮಂಜಿನ ಬಣ್ಣ ನೋಡಿ. ಅದು 190, 200, 212 ಇರಲಿ. ಆ ಬಣ್ಣದ Solid Color ಲೇಯರ್ ಒಂದನ್ನು ವ್ಯಕ್ತಿಗೆ ಕ್ಲಿಪ್ ಮಾಡಿ, ಮೋಡ್ Normal ಇಟ್ಟು, ಈ ಲೇಯರ್‌ನ ಓಪಾಸಿಟಿ 50ಕ್ಕೆ ತನ್ನಿ. ಕೂದಲು ಮೊದಲು 15, 15, 15 ಇದ್ದರೆ ಈಗ ಸುಮಾರು 102, 107, 113 ಆಗುತ್ತದೆ. ಮರದ ನೆರಳಿಗಿಂತ ಕೆಂಪು 10 ಜಾಸ್ತಿ, ಹಸಿರು 3 ಜಾಸ್ತಿ, ನೀಲಿ 5 ಕಡಿಮೆ. ಓಪಾಸಿಟಿ ಅರ್ಧ ಇರುವುದರಿಂದ ಲೇಯರ್ ಬಣ್ಣವನ್ನು ಈ ವ್ಯತ್ಯಾಸದ ಎರಡರಷ್ಟು ಬದಲಿಸಬೇಕು: 170, 194, 222. ಅಂಕಿ ಕೂಡಿ ಬಂತು, ಅಲ್ವಾ?

Screen ಮೋಡ್ ಹಾಕಿ ಅಂತ ಹೇಳುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. Screen ಯಾವುದನ್ನೂ ಕಪ್ಪಾಗಿಸುವುದಿಲ್ಲ, ಬೆಳ್ಳಗಿನ ಅಂಗಿ ಹಾಗೇ ಹೊಳೆಯುತ್ತದೆ. ಮಂಜಿನಲ್ಲಿ ಕಪ್ಪು ಮೇಲೇಳುವ ಹಾಗೆಯೇ ಬಿಳಿಯೂ ಮಂಕಾಗಬೇಕು. ಮೇಲಿನ ಲೆಕ್ಕದಲ್ಲಿ 240 ಇದ್ದ ಅಂಗಿಯ ಕೆಂಪು 205ಕ್ಕೆ ಇಳಿಯುತ್ತದೆ. ಮಂಜು ನೆಲಕ್ಕೆ ಅಂಟಿಕೊಂಡಿದ್ದರೆ ಲೇಯರ್ ಮಾಸ್ಕ್‌ನಲ್ಲಿ ಗ್ರೇಡಿಯೆಂಟ್ ಎಳೆದು ಕಾಲಿನ ಕಡೆ ಸ್ವಲ್ಪ ದಟ್ಟ ಮಾಡಿ.

ಬ್ಲರ್ ವಿಷಯ ಬೇರೆ. ಎಫ್/8ರಲ್ಲಿ ತೆಗೆದ ವೈಡ್ ಫೋಟೋದಲ್ಲಿ ದೂರದ್ದು ಸಾಮಾನ್ಯವಾಗಿ ಔಟ್ ಆಫ್ ಫೋಕಸ್ ಆಗಿರುವುದಿಲ್ಲ. 3000 ಪಿಕ್ಸೆಲ್‌ನ ವ್ಯಕ್ತಿಯನ್ನು 68ಕ್ಕೆ ಕುಗ್ಗಿಸಿದಾಗ ಆತನ ಅಂಚು ಸುತ್ತಲಿನದಕ್ಕಿಂತ ಚೂಪಾಗುತ್ತದೆ, ತೊಂದರೆ ಅಷ್ಟೇ. 400% ಜೂಮ್ ಮಾಡಿ ಅದೇ ಮರದ ಕಾಂಡದ ಅಂಚು ನೋಡಿ. ಕಪ್ಪಿನಿಂದ ಹಿನ್ನೆಲೆಗೆ ಹೋಗಲು ಎರಡು ಮೂರು ಪಿಕ್ಸೆಲ್ ಹಿಡಿಯುತ್ತಿದ್ದರೆ ಆತನ ಅಂಚಿಗೂ ಅಷ್ಟೇ ಹಿಡಿಯಬೇಕು. Gaussian Blur 0.5ರಿಂದ 0.8 ಪಿಕ್ಸೆಲ್ ಸಾಕಾಗಬಹುದು. ಲೇಯರನ್ನು ಮಾಸ್ಕ್ ಸಮೇತ ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಆಮೇಲೆ ಬ್ಲರ್ ಕೊಡಿ. ಇಲ್ಲದಿದ್ದರೆ ಒಳಗೆಲ್ಲ ಮೆತ್ತಗಾಗಿ ಅಂಚು ಮಾತ್ರ ಚೂಪಾಗಿ ಉಳಿಯುತ್ತದೆ. ನಿಮ್ಮ ಫೋಟೋ ಅಂಟಿಸಿದ ಹಾಗೆ ಕಾಣಲು ಇದೇ ಕಾರಣ ಇರಬಹುದು ಅಂತ ನನ್ನ ಊಹೆ. ಗ್ರೇನ್ ಕೊನೆಗೆ ಹಾಕಿ, ಮೊದಲೇ ಹಾಕಿದರೆ ಬ್ಲರ್ ಅದನ್ನೂ ನುಂಗುತ್ತದೆ.

ಆಮೇಲೆ ಚಾನೆಲ್ಸ್ ತೆರೆದು ಕೆಂಪು, ನೀಲಿ ಎರಡನ್ನೂ ಬೇರೆ ಬೇರೆಯಾಗಿ ನೋಡಿ. ತೆಳು ಹೇಜ್ ನೀಲಿಯಲ್ಲಿ ಜಾಸ್ತಿ ಕಾಣುತ್ತದೆ, ಕೆಂಪಿನಲ್ಲಿ ಕಡಿಮೆ. ಬಣ್ಣದಲ್ಲಿ ಸರಿಯಾಗಿ ಕಂಡವನು ನೀಲಿ ಚಾನೆಲ್‌ನಲ್ಲಿ ಕಪ್ಪು ಚುಕ್ಕೆ ಥರ ಎದ್ದು ಕಂಡರೆ ಲೇಯರ್ ಬಣ್ಣದ ನೀಲಿಯನ್ನು ಇನ್ನಷ್ಟು ಏರಿಸಿ.