σ ಮತ್ತು π ಕ್ರಮ: ಬಾಯಿಪಾಠದ ಟ್ರಿಕ್ ಬೇಡ

"ನಾನು ಬಿ.ಎಸ್ಸಿ ಎರಡನೇ ವರ್ಷ. ಮಾಲಿಕ್ಯುಲರ್ ಆರ್ಬಿಟಲ್ ಚಿತ್ರದಲ್ಲಿ N₂ ವರೆಗೆ π ಕೆಳಗೆ, σ ಮೇಲೆ. O₂ ನಿಂದ ಉಲ್ಟಾ. ಯಾವಾಗಲೂ ತಲೆಕೆಳಗು ಮಾಡ್ತೀನಿ. ನೆನಪಿಡೋಕೆ ಸುಲಭದ ಟ್ರಿಕ್ ಇದ್ಯಾ?"

ಟ್ರಿಕ್ ಹುಡುಕಬೇಡಿ. ನನ್ನ ಹತ್ತಿರ ಒಂದು ಒಳ್ಳೆಯ ಟ್ರಿಕ್ ಇತ್ತು, ಅದನ್ನು ನಂಬಿಯೇ ಒಂದು ಕೆಲಸ ಕಳೆದುಕೊಂಡೆ.

ಎಂ.ಎಸ್ಸಿ ಮುಗಿಸಿ ವಿಜಯಪುರದಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ಬಾಗಲಕೋಟೆಯ ಒಂದು ಕಾಲೇಜಿನಿಂದ ಅತಿಥಿ ಉಪನ್ಯಾಸಕರ ಸಂದರ್ಶನಕ್ಕೆ ಕರೆ ಬಂತು. ಬೋರ್ಡ್ ಮೇಲೆ O₂ ಚಿತ್ರ ಬರೆಯಿರಿ ಅಂದರು, ಬರೆದೆ. ಆಕ್ಸಿಜನ್ ಯಾಕೆ ಪ್ಯಾರಾಮ್ಯಾಗ್ನೆಟಿಕ್ ಅಂತ ಕೇಳಿದರು. "ಇಲ್ಲಿ ಕ್ರಮ ಬದಲಾಗಿದೆ ಸರ್, σ ಕೆಳಗೆ ಬಂದಿದೆ, ಅದಕ್ಕೇ" ಅಂದುಬಿಟ್ಟೆ. ಎದುರು ಕೂತಿದ್ದ ಹಿರಿಯ ಪ್ರಾಧ್ಯಾಪಕರು ಸಮಾಧಾನವಾಗಿಯೇ ಹೇಳಿದರು: "ಹಂಗಾದ್ರ π ಕೆಳಗ, σ ಮ್ಯಾಲ ಇಟ್ಟು ಇನ್ನೊಮ್ಮೆ ತುಂಬಿ ತೋರಸ್ರಿ."

ತುಂಬಿದೆ. ಆಕ್ಸಿಜನ್ ಅಣುವಿನ ಹೊರಕವಚದಲ್ಲಿ ಒಟ್ಟು 12 ಎಲೆಕ್ಟ್ರಾನ್. 2s ನಿಂದ ಆದ ಎರಡು ಆರ್ಬಿಟಲ್‌ಗಳಿಗೆ 4 ಹೋದವು, ಉಳಿದದ್ದು 8. ಬಾಂಡಿಂಗ್ σ ಗೆ 2, ಬಾಂಡಿಂಗ್ π ಜೋಡಿಗೆ 4. ಇವೆರಡರಲ್ಲಿ ಯಾವುದು ಮೇಲಿದ್ದರೂ ಎರಡೂ ತುಂಬಿಯೇ ತುಂಬುತ್ತವೆ. ಕೊನೆಯ 2 ಎಲೆಕ್ಟ್ರಾನ್ π* ಜೋಡಿಯಲ್ಲಿ ಒಂದೊಂದಾಗಿ ಕೂರುತ್ತವೆ. ಅಂದರೆ ಕ್ರಮ ಯಾವುದೇ ಇರಲಿ, O₂ ಪ್ಯಾರಾಮ್ಯಾಗ್ನೆಟಿಕ್. ಕಾಂತಗುಣಕ್ಕೂ ನಾನು ಹೇಳಿದ ಕಾರಣಕ್ಕೂ ಸಂಬಂಧವೇ ಇಲ್ಲ. ಬೋರ್ಡ್ ಮೇಲೆ ನನ್ನದೇ ಕೈಬರಹ ನನ್ನ ಉತ್ತರವನ್ನು ತಪ್ಪು ಅಂತ ತೋರಿಸುತ್ತಿತ್ತು. ಆ ಕೆಲಸ ಸಿಗಲಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳುತ್ತಿರೋದು ಯಾಕೆಂದರೆ ಎರಡು ಚಿತ್ರ ಬಾಯಿಪಾಠ ಮಾಡಿದವರೆಲ್ಲ ಇಲ್ಲೇ ಬೀಳುತ್ತಾರೆ. ಕ್ರಮ ಬೇರೆ ಅಂತ ಗೊತ್ತು. ಆದರೆ ಆ ವ್ಯತ್ಯಾಸ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಅನ್ನೋದು ಗೊತ್ತಿರುವುದಿಲ್ಲ. N₂ ತಗೊಳ್ಳಿ. ಅಲ್ಲೂ ಎರಡೂ ಕ್ರಮದಲ್ಲಿ ಎಲ್ಲ ಎಲೆಕ್ಟ್ರಾನ್ ಜೋಡಿಯಾಗುತ್ತವೆ, ಬಾಂಡ್ ಆರ್ಡರ್ 3 ಬರುತ್ತದೆ. ಬಾಂಡ್ ಆರ್ಡರ್ ಸರಿ ಬಂತು ಅಂದಮಾತ್ರಕ್ಕೆ ಕ್ರಮ ಸರಿ ಇದೆ ಅಂತಲ್ಲ.

ವ್ಯತ್ಯಾಸ ಎದ್ದು ಕಾಣೋದು B₂ ನಲ್ಲಿ. ಅದನ್ನೇ ಕೈಯಾರೆ ಬರೆಯಿರಿ, ಎರಡು ಚಿತ್ರ ಬೇಡ.

ಮೊದಲು ಎರಡೂ ಬದಿಗೆ ಬೋರಾನ್ ಪರಮಾಣುವಿನ 2s ಮತ್ತು 2p ಗೆರೆ ಎಳೆಯಿರಿ. 2s ಸುಮಾರು −14 eV, 2p ಸುಮಾರು −8.3 eV. ಮಧ್ಯದ ಅಂತರ 6 eV ಗಿಂತ ಸ್ವಲ್ಪ ಕಡಿಮೆ. ಈ ಅಂತರವನ್ನು ಗುರುತು ಹಾಕಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಈಗ 2s ಗಳಿಂದ ಒಂದು σ, ಒಂದು σ*. 2p ಗಳಿಂದ ಒಂದು σ, ಒಂದು σ*, ಜೊತೆಗೆ π ಜೋಡಿ ಮತ್ತು π* ಜೋಡಿ. ಎದುರುಬದುರಾಗಿ ಕೂಡುವ p ಗಳ ಓವರ್‌ಲ್ಯಾಪ್ ಜಾಸ್ತಿ, ಅದಕ್ಕೆ ಸದ್ಯಕ್ಕೆ 2p ಯ σ ಅನ್ನು π ಗಿಂತ ಕೆಳಗೆ ಇಡಿ.

ಇಲ್ಲಿಗೆ ನಿಲ್ಲಿಸಿ 6 ಎಲೆಕ್ಟ್ರಾನ್ ತುಂಬಿದರೆ 2s ಕಡೆ 4, σ ನಲ್ಲಿ 2. ಎಲ್ಲ ಜೋಡಿ, ಡಯಾಮ್ಯಾಗ್ನೆಟಿಕ್. ಆದರೆ ನಿಜವಾದ B₂ ಹಾಗಿಲ್ಲ. ಅದನ್ನು ಹೆಪ್ಪುಗಟ್ಟಿದ ಜಡ ಅನಿಲದಲ್ಲಿ ಹಿಡಿದಿಟ್ಟು, ಒಂಟಿ ಎಲೆಕ್ಟ್ರಾನ್ ಪತ್ತೆಹಚ್ಚುವ ಇಎಸ್‌ಆರ್‌ನಲ್ಲಿ ನೋಡಿದ್ದಾರೆ, ಎರಡು ಒಂಟಿ ಎಲೆಕ್ಟ್ರಾನ್ ಇವೆ. ಚಿತ್ರದಲ್ಲಿ ಏನೋ ಬಿಟ್ಟುಹೋಗಿದೆ ಅಲ್ವಾ?

ಬಿಟ್ಟುಹೋಗಿದ್ದು ಮಿಕ್ಸಿಂಗ್. ನೀವು ಬರೆದ 2s ನ σ ಮತ್ತು 2p ಯ σ ಎರಡಕ್ಕೂ ಸಿಮೆಟ್ರಿ ಒಂದೇ. ಒಂದೇ ಸಿಮೆಟ್ರಿಯ ಎರಡು ಆರ್ಬಿಟಲ್ ಒಂದರೊಳಗೊಂದು ಬೆರೆಯುತ್ತವೆ. ಬೆರೆತಾಗ ಕೆಳಗಿದ್ದದ್ದು ಇನ್ನೂ ಕೆಳಗೆ ಹೋಗುತ್ತದೆ, ಮೇಲಿದ್ದದ್ದು ಇನ್ನೂ ಮೇಲೆ ಹೋಗುತ್ತದೆ. π ಗೆ ಮಾತ್ರ ಈ ಬೆರಕೆ ಇಲ್ಲ. ಯಾಕಂದ್ರೆ 2s ಅಕ್ಷದ ಸುತ್ತ ಎಲ್ಲ ಕಡೆ ಒಂದೇ ಚಿಹ್ನೆ, π ಗೆ ಹೋಗುವ p ಆರ್ಬಿಟಲ್ ಅಕ್ಷದ ಮೇಲೆ ಪ್ಲಸ್, ಕೆಳಗೆ ಮೈನಸ್. ಮೇಲಿನ ಓವರ್‌ಲ್ಯಾಪನ್ನು ಕೆಳಗಿನದು ಪೂರ್ತಿ ಅಳಿಸಿಹಾಕುತ್ತದೆ. ಹಾಗಾಗಿ π ಇದ್ದಲ್ಲೇ ಇರುತ್ತದೆ, σ ಅದನ್ನು ದಾಟಿ ಮೇಲೆ ಹೋಗುತ್ತದೆ. "π ಕೆಳಗೆ ಬಂತು" ಅಂತ ನೋಟ್ಸ್‌ನಲ್ಲಿ ಬರೆಯಬೇಡಿ, π ಅಲುಗಾಡಿಲ್ಲ. ಇನ್ನೊಂದು, ಎರಡು σ* ಗಳೂ ಇದೇ ರೀತಿ ಬೆರೆಯುತ್ತವೆ, ಅವನ್ನೂ ದೂರ ಸರಿಸಿ ಬರೆಯಿರಿ.

ಈಗ 6 ತುಂಬಿ. 2s ಕಡೆ 4, ಉಳಿದ 2 π ಜೋಡಿಯಲ್ಲಿ ಒಂದೊಂದು. ಒಂಟಿ ಎಲೆಕ್ಟ್ರಾನ್ ಎರಡು ಬಂದವು. ಬಾಂಡ್ ಆರ್ಡರ್ ಮಾತ್ರ ಆಗಲೂ 1, ಈಗಲೂ 1.

ಹಾಗಾದರೆ O₂ ನಲ್ಲಿ ಯಾಕೆ ದಾಟುವುದಿಲ್ಲ? ಅಲ್ಲೂ ಬೆರಕೆ ಇದೆ, ನಿಂತೇ ಹೋಗುವುದಿಲ್ಲ. ಆದರೆ ಬೆರೆಯುವ ಎರಡು ಆರ್ಬಿಟಲ್‌ಗಳ ಅಂತರ ಹೆಚ್ಚಿದಷ್ಟೂ ಅದರ ಪರಿಣಾಮ ಕಡಿಮೆ. ನ್ಯೂಕ್ಲಿಯಸ್‌ನ ಚಾರ್ಜ್ ಹೆಚ್ಚುತ್ತಾ ಹೋದಂತೆ 2s ಆರ್ಬಿಟಲ್ 2p ಗಿಂತ ಬೇಗ ಕೆಳಗಿಳಿಯುತ್ತದೆ, ಯಾಕಂದ್ರೆ ಅದು ನ್ಯೂಕ್ಲಿಯಸ್ ಹತ್ತಿರ ಜಾಸ್ತಿ ನುಸುಳುತ್ತದೆ. ಬೋರಾನ್‌ನಲ್ಲಿ 6 eV ಹತ್ತಿರ ಇದ್ದ ಅಂತರ ನೈಟ್ರೋಜನ್‌ನಲ್ಲಿ ಸುಮಾರು 12, ಆಕ್ಸಿಜನ್‌ನಲ್ಲಿ 16 ದಾಟುತ್ತದೆ, ಫ್ಲೋರಿನ್‌ನಲ್ಲಿ 21 ಮೀರುತ್ತದೆ. σ ಸ್ವಲ್ಪ ಮೇಲೇರುತ್ತದೆ, ಆದರೆ π ಅನ್ನು ದಾಟುವಷ್ಟು ಅಲ್ಲ. ಅಂದರೆ ಇಲ್ಲಿ ಎರಡು ನಿಯಮ ಇಲ್ಲ. ಅಂತರ ನಿಧಾನಕ್ಕೆ ಹೆಚ್ಚುತ್ತಾ ಹೋಗುತ್ತದೆ, N₂ ಮತ್ತು O₂ ನಡುವೆ ಎಲ್ಲೋ σ ಮತ್ತು π ಸ್ಥಾನ ಬದಲಿಸಿಕೊಳ್ಳುತ್ತವೆ, ಅಷ್ಟೇ.

N₂ ಗೆ ಕಾಂತಗುಣದ ಸಾಕ್ಷಿ ಇಲ್ಲ ಅಂದೆನಲ್ಲ, ಅದಕ್ಕೆ ಫೋಟೋಎಲೆಕ್ಟ್ರಾನ್ ಸ್ಪೆಕ್ಟ್ರಮ್ ನೋಡಿ. ಹೀಲಿಯಂ ದೀಪದ 21.2 eV ಬೆಳಕು ಹಾಯಿಸಿ ಎಲೆಕ್ಟ್ರಾನ್ ಕಿತ್ತರೆ, ಕೀಳಲು ಬೇಕಾದ ಶಕ್ತಿಗೆ ತಕ್ಕಂತೆ ಮೂರು ಬ್ಯಾಂಡ್ ಸಿಗುತ್ತವೆ: 15.6 eV ಯಲ್ಲಿ ಒಂದು, 16.7 ರಿಂದ ಶುರುವಾಗುವ ಇನ್ನೊಂದು, 18.8 ರ ಹತ್ತಿರ ಮೂರನೆಯದು. ಮೊದಲನೆಯದು ಬಹುಪಾಲು ಒಂದೇ ಚೂಪು ಗೆರೆ. ಎರಡನೆಯದು ಬಾಚಣಿಕೆಯ ಹಲ್ಲಿನಂತೆ ಸಾಲು ಗೆರೆ. ಬಲವಾಗಿ ಬಾಂಡ್ ಹಿಡಿದಿಟ್ಟ ಎಲೆಕ್ಟ್ರಾನ್ ಕಿತ್ತರೆ ಬಾಂಡ್ ಉದ್ದವಾಗುತ್ತದೆ, ಅಯಾನು ಕಂಪಿಸುತ್ತದೆ, ಆ ಸಾಲು ಗೆರೆಗಳು ಅದರದ್ದೇ. N₂ ಬಾಂಡ್ 1.10 Å. ಮೊದಲ ಬ್ಯಾಂಡಿನ ಅಯಾನಿನಲ್ಲಿ ಅದು 1.12, ಎರಡನೆಯದರಲ್ಲಿ 1.17. ಅಂದರೆ ಸಾಲು ಗೆರೆಯದು π, ಎಲ್ಲಕ್ಕಿಂತ ಸುಲಭವಾಗಿ ಹೊರಬರುವುದು σ. ಆ σ ಬೆರಕೆಯಿಂದ ಮೇಲೇರಿದ್ದಷ್ಟೇ ಅಲ್ಲ, ಅದರ ಬಾಂಡಿಂಗ್ ಗುಣವೂ ತುಂಬಾ ಕಡಿಮೆಯಾಗಿದೆ.

ಪರೀಕ್ಷೆಯಲ್ಲಿ C₂ ಬಂದರೆ ಇದೇ ಚಿತ್ರದಲ್ಲಿ 8 ತುಂಬಿ. 2s ಕಡೆ 4, π ನಲ್ಲಿ 4, ಡಯಾಮ್ಯಾಗ್ನೆಟಿಕ್ ಅಂತ ಬರೆಯಿರಿ, ಅದು ಸರಿ. ಆದರೆ ಅಲ್ಲಿ σ ಮತ್ತು π ತೀರಾ ಹತ್ತಿರ ಇವೆ. ಎರಡು ಒಂಟಿ ಎಲೆಕ್ಟ್ರಾನ್ ಇರುವ ಸ್ಥಿತಿ ಬರೀ 0.09 eV ಮೇಲಿದೆ. ಅದಕ್ಕೇ C₂ ಬರೆಯುವಾಗ σ ಗೆರೆಯನ್ನು π ಗಿಂತ ಕೂದಲೆಳೆಯಷ್ಟೇ ಮೇಲೆ ಇಡಿ, ಬೆರಳಗಲ ಬಿಡಬೇಡಿ.