ವಿಬ್ರಿಯೊ ಪೇಪರಿಂದ ಕಂಪನಿ ರೆಸ್ಯೂಮೆಗೆ

"ಅಣ್ಣಾ, ಮಂಗಳೂರು ಫಿಶರೀಸ್ ಕಾಲೇಜಲ್ಲಿ ಪಿಎಚ್‌ಡಿ ಮುಗಿಸಿ ಈಗ ಅಮೆರಿಕದಲ್ಲಿ ಪೋಸ್ಟ್‌ಡಾಕ್. ಮರುವಾಯಿ, ಸಿಗಡಿಯಲ್ಲಿ ವಿಬ್ರಿಯೊ ಬ್ಯಾಕ್ಟೀರಿಯಾ ಹುಡುಕುವ ಪಿಸಿಆರ್ ನನ್ನ ಕೆಲಸ. 7 ಪೇಪರ್, 38 ಲಕ್ಷದ ಪ್ರಾಜೆಕ್ಟ್ ಉಂಟು. ಕಂಪನಿಗಳಿಂದ ಒಂದು ಕಾಲ್ ಕೂಡ ಬರ್ತಿಲ್ಲ, ರೆಸ್ಯೂಮೆಯಲ್ಲಿ ಏನು ಬದಲಿಸ್ಬೇಕು?"

ನೀವು ಕಳಿಸಿದ್ದು ನೋಡ್ದೆ. ಫೋಟೋ, ಹುಟ್ಟಿದ ತಾರೀಕು ಇಲ್ಲಿ ಹಾಕುವ ಕ್ರಮ ಇಲ್ಲ, ತೆಗೀರಿ. ಮೊದಲ ಪುಟ ಪೂರ್ತಿ ಪೇಪರ್ ಲಿಸ್ಟೇ ಉಂಟಲ್ಲ, ಅದನ್ನು ಕೊನೆಗೆ ಒಂದೇ ಸಾಲು ಮಾಡಿ, 7 ಪೇಪರ್, ಅದರಲ್ಲಿ ಫಸ್ಟ್ ಆಥರ್ ಎಷ್ಟು, ಸ್ಕಾಲರ್ ಲಿಂಕ್, ಅಷ್ಟು ಸಾಕು.

ಈಗ ನಿಮ್ಮ ಮುಖ್ಯ ಪೇಪರನ್ನೇ ತಗೊಳ್ಳಿ. "toxR ಜೀನ್ ಆಧಾರಿತ ಪತ್ತೆ ವಿಧಾನ ಅಭಿವೃದ್ಧಿ" ಅಂತ ಬರೆದಿದ್ದೀರಿ. ಫುಡ್ ಟೆಸ್ಟಿಂಗ್ ಕಂಪನಿಯ ಮ್ಯಾನೇಜರ್‌ಗೆ ಬೇಕಾದ್ದು ಬೇರೆ, ರಿಸಲ್ಟ್ ಎಷ್ಟು ಬೇಗ ಬರ್ತದೆ, ಎಷ್ಟು ಸಲ ತಪ್ಪಾಗ್ತದೆ, ಬೇರೆಯವರ ಕೈಯಲ್ಲೂ ಅದೇ ರಿಸಲ್ಟ್ ಬರ್ತದಾ. ಹಳೇ ಕ್ರಮದಲ್ಲಿ ಆಲ್ಕಲೈನ್ ಪೆಪ್ಟೋನ್ ವಾಟರಲ್ಲಿ ಬೆಳೆಸಿ, ಟಿಸಿಬಿಎಸ್ ಪ್ಲೇಟಿಗೆ ಹಾಕಿ, ಆಮೇಲೆ ಬಯೋಕೆಮಿಕಲ್ ಟೆಸ್ಟ್ ಅಂತ ದಿನಗಟ್ಟಲೆ ಕಾಯ್ಬೇಕು, ನಿಮ್ಮದರಲ್ಲಿ ಬೆಳೆಸಿದ ಮೇಲೆ ನೇರ ಪಿಸಿಆರ್. ಹಾಗಾಗಿ ಸಾಲು ಹೀಗೆ ಬರ್ಲಿ: ಮಂಗಳೂರು ದಕ್ಕೆ, ಮಲ್ಪೆಯಿಂದ ತಂದ ಇಷ್ಟು ಸ್ಯಾಂಪಲ್‌ಗಳಲ್ಲಿ ಕಲ್ಚರ್ ವಿಧಾನಕ್ಕೆ ಹೋಲಿಸಿ ಪರೀಕ್ಷಿಸಿದೆ, ರಿಸಲ್ಟ್ ಸಮಯ ಇಷ್ಟು ದಿನದಿಂದ ಇಷ್ಟಕ್ಕೆ ಇಳಿಯಿತು, ಎಸ್‌ಒಪಿ ಬರೆದೆ, ಜೂನಿಯರ್‌ಗಳು ಅದನ್ನೇ ನೋಡಿ ಮಾಡ್ತಿದ್ರು. ನಂಬರ್ ನಿಮ್ಮ ಲ್ಯಾಬ್ ನೋಟ್‌ಬುಕ್‌ನಿಂದ್ಲೇ ಬರ್ಬೇಕು. ಕಂಪನಿಗೆ ಇಷ್ಟು ದುಡ್ಡು ಉಳಿಸಿದೆ ಅಂತೆಲ್ಲ ಸೇರಿಸ್ಬೇಡಿ, ಹೇಗೆ ಲೆಕ್ಕ ಹಾಕಿದ್ರಿ ಅಂತ ಇಂಟರ್ವ್ಯೂನಲ್ಲಿ ಕೇಳಿಯೇ ಕೇಳ್ತಾರೆ.

ಗ್ರಾಂಟ್ ವಿಷಯದಲ್ಲಿ ಸ್ವಲ್ಪ ಜಾಗ್ರತೆ ಬೇಕು. ಪಿಐ, ಅಂದ್ರೆ ಪ್ರಾಜೆಕ್ಟಿನ ಮುಖ್ಯಸ್ಥರು, ನಿಮ್ಮ ಗೈಡ್ ಆಗಿದ್ರೆ ಪ್ರಾಜೆಕ್ಟ್ ತಂದದ್ದು ನಾನು ಅಂತ ಬರೆಯುವ ಹಾಗಿಲ್ಲ, ರೆಫರೆನ್ಸ್‌ಗೆ ಅವರಿಗೇ ಫೋನ್ ಹೋಗ್ತದೆ. 38 ಲಕ್ಷವನ್ನು ಡಾಲರ್ ಮಾಡಿದ್ರೆ ಇಲ್ಲಿ ಒಬ್ಬ ಟೆಕ್ನೀಶಿಯನ್ನಿನ ವರ್ಷದ ಸಂಬಳದಷ್ಟು ಕಾಣ್ತದೆ, ಆ ದುಡ್ಡಲ್ಲಿ ನೀವು ಮಾಡಿದ ಕೆಲಸದ ಗಾತ್ರ ಕಾಣುದಿಲ್ಲ. ಅದರ ಬದಲು ಪ್ರಪೋಸಲ್‌ನ ಯಾವ ಭಾಗ ಬರೆದ್ರಿ, ಮೆಷಿನ್ ಕೊಟೇಶನ್ ತರಿಸಿ ಇನ್‌ಸ್ಟಾಲ್ ಮಾಡಿಸಿದ್ದು ಯಾರು, ಯಾವ ಜೆಆರ್‌ಎಫ್‌ಗಳಿಗೆ ಕಲಿಸಿದ್ರಿ, ಯುಟಿಲೈಸೇಶನ್ ಸರ್ಟಿಫಿಕೇಟಿಗೆ ಖರ್ಚಿನ ಲೆಕ್ಕ ಯಾರು ಕೂಡಿಸಿದ್ದು, ಅದನ್ನೆಲ್ಲ ಬರೀರಿ. ಇಲ್ಲಿ ಅದಕ್ಕೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂತ ಬೆಲೆ ಉಂಟು, ನಮ್ಮವರು ಗುಮಾಸ್ತರ ಕೆಲಸ ಅಂತ ಬಿಟ್ಟುಬಿಡ್ತಾರೆ, ನನಗೆ ಅದೇ ಬೇಜಾರು.

ಇನ್ನೊಂದು, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಪಿಸಿಆರಲ್ಲಿ ಪಾಸಿಟಿವ್ ತೋರಿಸ್ಬಹುದು. ರೆಸ್ಯೂಮೆ ನೋಡಿ ಕರೆದವರು ಇದನ್ನು ಕೇಳುವ ಸಾಧ್ಯತೆ ಜಾಸ್ತಿ. ಮೊದಲು ಬೆಳೆಸುದರಿಂದ ಆ ತೊಂದರೆ ಎಷ್ಟು ಕಮ್ಮಿ ಆಗ್ತದೆ, ಎಷ್ಟು ಉಳೀತದೆ ಅಂತ ನಿಮ್ಮದೇ ಡೇಟಾ ಇಟ್ಟುಕೊಂಡು ಹೇಳ್ಲಿಕ್ಕೆ ತಯಾರಿರಿ. ತಿದ್ದಿದ ಮೇಲೆ ನನಗೆ ಕಳಿಸಿ, ಎರಡು ಪುಟ ದಾಟ್ಬಾರ್ದು.