ಬಿದ್ದವರ ಲೆಕ್ಕ ಬೇರೆ, ಆಡಿಟ್ ಲೆಕ್ಕ ಬೇರೆ

ಪ್ರಶ್ನೆ: ಮೇಡಂ, ನಾನು ಮಂಡ್ಯದ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ರೋಗಿಗಳು ಬೀಳದ ಹಾಗೆ ತಗೊಳ್ಳೋ ಕ್ರಮಗಳ ಬಗ್ಗೆ ಆಡಿಟ್ ಮಾಡಿದೆವು. ಜನವರಿಯಲ್ಲಿ 40 ರೋಗಿಗಳು, ನಡುವೆ ತರಬೇತಿ, ಏಪ್ರಿಲ್‌ನಲ್ಲಿ ಮತ್ತೆ 40. ಜನವರಿಯಲ್ಲಿ 3 ಜನ ಬಿದ್ದಿದ್ದರು, ಏಪ್ರಿಲ್‌ನಲ್ಲಿ ಒಬ್ಬರೇ. ಮೈಸೂರಿನ ಸಮ್ಮೇಳನಕ್ಕೆ 250 ಪದದ ಪೋಸ್ಟರ್ ಅಬ್‌ಸ್ಟ್ರಾಕ್ಟ್ ಕಳಿಸಬೇಕು. ನನ್ನದು 600 ದಾಟಿದೆ. ‘ಬೀಳುವುದು 67% ಕಡಿಮೆ’ ಅಂತ ಶೀರ್ಷಿಕೆಯಲ್ಲೇ ಹಾಕೋಣವಾ? ಡ್ರಾಫ್ಟೂ ಆಡಿಟ್ ಹಾಳೆಯೂ ಜೊತೆಗಿವೆ.

ಉತ್ತರ: ಶೀರ್ಷಿಕೆಯಲ್ಲಿ ಬೇಡ. ಒಳಗೂ ಆ 67% ಬೇಡ.

ಏಪ್ರಿಲ್‌ನಲ್ಲಿ ಇನ್ನೊಬ್ಬರು ಬಾತ್‌ರೂಮಿನಲ್ಲಿ ಜಾರಿದ್ದರೆ ನಿಮ್ಮ 67% ಒಂದೇ ಏಟಿಗೆ 33% ಆಗುತ್ತಿತ್ತು. ಇನ್ನಿಬ್ಬರು ಜಾರಿದ್ದರೆ ಸೊನ್ನೆ. ಒಬ್ಬ ರೋಗಿಯ ಮೇಲೆ ಇಷ್ಟು ಅಲುಗಾಡುವ ಅಂಕಿಯನ್ನು ನಂಬಿ ಏನನ್ನೂ ಹೇಳಲಾಗದು. ಇನ್ನೊಂದು ವಿಷಯವೂ ಇದೆ. ತರಬೇತಿ ಆದ ಮೇಲೆ ಸಿಬ್ಬಂದಿ ಸಣ್ಣಪುಟ್ಟ ಬೀಳುವಿಕೆಯನ್ನೂ ವರದಿ ಮಾಡಲು ಶುರು ಮಾಡುತ್ತಾರೆ. ಆಗ ಕೆಲಸ ಸುಧಾರಿಸಿದ್ದರೂ ಸಂಖ್ಯೆ ಏರಬಹುದು. ಬಿದ್ದವರ ಲೆಕ್ಕವನ್ನು ಕೊಡಲೇಬೇಕು ಅಂತಿದ್ದರೆ 1000 ರೋಗಿ-ದಿನಗಳಿಗೆ ಎಷ್ಟು ಅಂತ ಕೊಡುವುದು ರೂಢಿ. ಜನವರಿಯಲ್ಲಿ ನಿಮ್ಮ ವಾರ್ಡಿನಲ್ಲಿ 780 ರೋಗಿ-ದಿನ. 3ನ್ನು 780ರಿಂದ ಭಾಗಿಸಿ 1000ದಿಂದ ಗುಣಿಸಿದರೆ 3.8. ಏಪ್ರಿಲ್‌ನಲ್ಲಿ 810ಕ್ಕೆ ಒಂದು, ಅಂದರೆ 1.2. ಒಂದು ವಾಕ್ಯದಲ್ಲಿ ಇವನ್ನು ಹೇಳಿ, ಸಂಖ್ಯೆ ಚಿಕ್ಕದು, ಇದರಿಂದ ತೀರ್ಮಾನಕ್ಕೆ ಬರಲಾಗದು ಅಂತ ಅಲ್ಲೇ ಸೇರಿಸಿ. ಅಷ್ಟು ಸಾಕು.

ನೀವು ಅಳೆದದ್ದು ಯಾರು ಬಿದ್ದರು ಅನ್ನೋದನ್ನಲ್ಲ. ಮಾಡಬೇಕಾದ ಕೆಲಸವನ್ನು ವಾರ್ಡು ಮಾಡುತ್ತಿದೆಯೇ ಅನ್ನೋದನ್ನು. ಆಡಿಟ್ ಅಂದರೆ ಅದೇ ಅಲ್ವಾ? ನಿಮ್ಮ ಹಾಳೆಯಲ್ಲಿ ನಾಲ್ಕು ಮಾನದಂಡಗಳಿವೆ. ದಾಖಲಾದ 24 ಗಂಟೆಯೊಳಗೆ ಬೀಳುವ ಅಪಾಯವನ್ನು ಅಂದಾಜು ಮಾಡುವ ಮೋರ್ಸ್ ಸ್ಕೋರ್, ಸ್ಥಿತಿ ಬದಲಾದಾಗ ಮತ್ತೆ ಸ್ಕೋರ್, ಬೆಲ್ ಕೈಗೆಟುಕುವಂತಿದ್ದು ಮಂಚದ ಬ್ರೇಕ್ ಹಾಕಿರುವುದು, ರೋಗಿಗೂ ಜೊತೆಗಿರುವವರಿಗೂ ತಿಳಿಹೇಳಿದ್ದು. ಅಬ್‌ಸ್ಟ್ರಾಕ್ಟಿನ ಜೀವ ಇರುವುದು ಇಲ್ಲಿ. ಆದರೆ ಡ್ರಾಫ್ಟಿನಲ್ಲಿ ಇವಕ್ಕೆ ಸಿಕ್ಕಿದ್ದು ಎರಡೇ ಸಾಲು. ಜಗತ್ತಿನಲ್ಲಿ ಬೀಳುವುದು ದೊಡ್ಡ ಸಮಸ್ಯೆ ಅನ್ನೋ ಮಾತಿಗೆ ಇಡೀ ಒಂದು ಪ್ಯಾರಾ ಹೋಗಿದೆ. ಅದನ್ನು ತೆಗೆದುಬಿಡಿ. ಪೋಸ್ಟರ್ ಓದುವ ನರ್ಸ್‌ಗೆ ಅದು ಗೊತ್ತಿರುವ ವಿಷಯ.

ಎರಡನೇ ಮಾನದಂಡದ ಲೆಕ್ಕ ತಪ್ಪಾಗಿದೆ. ಮತ್ತೆ ಸ್ಕೋರ್ ಮಾಡಿದ್ದು 40ರಲ್ಲಿ 4, ಅಂದರೆ 10% ಅಂತ ಬರೆದಿದ್ದೀರಿ. ಆದರೆ ಸ್ಥಿತಿ ಬದಲಾಗದ ರೋಗಿಗೆ ಮತ್ತೆ ಸ್ಕೋರ್ ಮಾಡುವ ಪ್ರಶ್ನೆಯೇ ಬರುವುದಿಲ್ಲ. ನಿದ್ರೆ ಮಾತ್ರೆ ಶುರುವಾದವರು, ಐಸಿಯುನಿಂದ ಬಂದವರು, ಗೊಂದಲ ಶುರುವಾದವರು ಇವರನ್ನಷ್ಟೇ ಎಣಿಸಬೇಕು. ನಿಮ್ಮ ಹಾಳೆಯ ಪ್ರಕಾರ ಅಂಥವರು ಜನವರಿಯಲ್ಲಿ 11, ಏಪ್ರಿಲ್‌ನಲ್ಲಿ 13. ಹಾಗಾಗಿ 11ರಲ್ಲಿ 4, ಆಮೇಲೆ 13ರಲ್ಲಿ 6. ಇಷ್ಟು ಚಿಕ್ಕ ಗುಂಪಿಗೆ ಶೇಕಡಾ ಹಾಕಬೇಡಿ, ಸಂಖ್ಯೆಯನ್ನೇ ಕೊಡಿ. ಓದುವವರಿಗೆ ಎರಡು ವಿಷಯ ಒಟ್ಟಿಗೆ ಕಾಣುತ್ತವೆ: ನೀವು ಅಂದುಕೊಂಡಷ್ಟು ಕೆಟ್ಟದಿರಲಿಲ್ಲ, ಅಂದುಕೊಂಡಷ್ಟು ಸುಧಾರಿಸಲೂ ಇಲ್ಲ. ಸುಧಾರಿಸದ ಈ ಮಾನದಂಡವನ್ನು ಮುಚ್ಚಿಡಬೇಡಿ. ಪೋಸ್ಟರ್ ಮುಂದೆ ನಿಲ್ಲುವವರು ಮೊದಲು ಕೇಳುವುದೇ ಇದನ್ನು.

ಡ್ರಾಫ್ಟಿನಲ್ಲಿ ಕಾಣೆಯಾದ ಒಂದು ಮಾತು ಹಾಳೆಯ ಮೂಲೆಯಲ್ಲಿದೆ: ಬೆಲ್ ಮತ್ತು ಬ್ರೇಕನ್ನು ಫೈಲ್ ನೋಡಿ ಟಿಕ್ ಮಾಡಿಲ್ಲ, ಮಂಚದ ಪಕ್ಕ ನಿಂತು ನೋಡಿದ್ದು. ಇದು ದೊಡ್ಡ ವಿಷಯ. ಫೈಲಿನಲ್ಲಿ ‘ಬೆಲ್ ಇದೆ’ ಅಂತಿರುತ್ತದೆ, ಬೆಲ್ಲು ಮಂಚದ ತಲೆಯ ಹಿಂದೆ ನೇತಾಡುತ್ತಿರುತ್ತದೆ. ಮಗ ಕಾಫಿ ತರಲು ಕೆಳಗೆ ಹೋದಾಗ ಅಜ್ಜ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಒಬ್ಬರೇ ಬಾತ್‌ರೂಮಿಗೆ ಹೊರಡುವುದು ಇಂಥ ಹೊತ್ತಿನಲ್ಲೇ. ಹಾಗೆಯೇ ನೀವು ನೋಡಿದ್ದೆಲ್ಲ ಬೆಳಗಿನ ಪಾಳಿಯಲ್ಲಿ. ರಾತ್ರಿಯ ಸ್ಥಿತಿ ನಿಮಗೆ ಗೊತ್ತಿಲ್ಲ. ಈ ಮಿತಿಯನ್ನೂ ಹೇಳಿ.

ಡ್ರಾಫ್ಟಿಗೆ ಪುರಾವೆ ಆಧಾರಿತ ಅಂತ ಹೆಸರಿಟ್ಟ ಮೇಲೆ ಪುರಾವೆ ಕಾಣಬೇಕು. ‘ತರಬೇತಿ ನೀಡಲಾಯಿತು’ ಅಂದರೆ ಏನೂ ತಿಳಿಯುವುದಿಲ್ಲ. ಪ್ರತಿ ಪಾಳಿಗೆ 20 ನಿಮಿಷದ ಪಾಠ, ಜೊತೆಗಿರುವವರಿಗೆ ಕನ್ನಡದ ಕಾರ್ಡು, ಹ್ಯಾಂಡೋವರಿನಲ್ಲಿ ಒಂದು ಸಾಲು ಅಂತ ಬಿಡಿಸಿ ಬರೆಯಿರಿ. ಮೋರ್ಸ್ ಬಗ್ಗೆ ಒಂದು ಎಚ್ಚರಿಕೆ. ಆಸ್ಪತ್ರೆಯಲ್ಲಿರುವ ವಯಸ್ಸಾದವರ ಅಪಾಯವನ್ನು ಇಂಥ ಉಪಕರಣದಿಂದ ಊಹಿಸಬೇಡಿ ಅಂತ ಇಂಗ್ಲೆಂಡಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಹೇಳಿತ್ತು. ತೀರ್ಪುಗಾರರು ಕೇಳಿದರೆ, ನಮ್ಮ ಆಸ್ಪತ್ರೆಯ ನಿಯಮದಲ್ಲಿ ಸ್ಕೋರ್ ಇದೆ, ನಾವು ಪರೀಕ್ಷಿಸಿದ್ದು ಆ ನಿಯಮದ ಪಾಲನೆಯನ್ನು ಅಂತ ಹೇಳಿ. ‘ಮೋರ್ಸ್‌ನಿಂದ ಬೀಳುವುದು ತಪ್ಪಿತು’ ಅನ್ನೋ ವಾಕ್ಯ ಮಾತ್ರ ಎಲ್ಲೂ ಬರಬಾರದು.

ನಿಮ್ಮ ಹಾಳೆಯಿಂದಲೇ ಬರೆದಿದ್ದೇನೆ, ಇಂಗ್ಲಿಷಿಗೆ ಹಾಕಿಕೊಳ್ಳಿ. 250ರೊಳಗೆ ಆರಾಮಾಗಿ ನಿಲ್ಲುತ್ತದೆ.

ಶೀರ್ಷಿಕೆ: ಮೆಡಿಕಲ್ ವಾರ್ಡಿನಲ್ಲಿ ಬೀಳುವಿಕೆ ತಡೆಯುವ ಕ್ರಮಗಳ ಪಾಲನೆ: ತರಬೇತಿಗೆ ಮುಂಚಿನ ಮತ್ತು ನಂತರದ ಕ್ಲಿನಿಕಲ್ ಆಡಿಟ್

ಹಿನ್ನೆಲೆ: ನಮ್ಮ ವಾರ್ಡಿನಲ್ಲಿ ಬೀಳುವಿಕೆ ತಡೆಯುವ ನಿಯಮವಿದ್ದರೂ ಅದರ ಪಾಲನೆಯನ್ನು ಅಳೆದಿರಲಿಲ್ಲ.

ಉದ್ದೇಶ: ನಾಲ್ಕು ಮಾನದಂಡಗಳ ಪಾಲನೆಯನ್ನು ಅಳೆದು ಸುಧಾರಿಸುವುದು.

ವಿಧಾನ: ಜನವರಿ ಮತ್ತು ಏಪ್ರಿಲ್‌ನಲ್ಲಿ ತಲಾ 40 ರೋಗಿಗಳ ಫೈಲ್ ನೋಡಲಾಯಿತು. ಬೆಲ್ ಮತ್ತು ಬ್ರೇಕನ್ನು ಬೆಳಗಿನ ಪಾಳಿಯಲ್ಲಿ ಮಂಚದ ಬಳಿಯೇ ಪರಿಶೀಲಿಸಲಾಯಿತು. ನಡುವೆ ಪ್ರತಿ ಪಾಳಿಗೆ 20 ನಿಮಿಷದ ಪಾಠ, ಜೊತೆಗಿರುವವರಿಗೆ ಕನ್ನಡದ ಕಾರ್ಡು, ಹ್ಯಾಂಡೋವರಿನಲ್ಲಿ ಒಂದು ಸಾಲು ಜಾರಿಗೆ ತರಲಾಯಿತು.

ಫಲಿತಾಂಶ: 24 ಗಂಟೆಯೊಳಗಿನ ಸ್ಕೋರ್ 22/40ರಿಂದ (55%) 36/40ಕ್ಕೆ (90%), ಬೆಲ್ ಮತ್ತು ಬ್ರೇಕ್ 20/40ರಿಂದ (50%) 34/40ಕ್ಕೆ (85%), ತಿಳಿಹೇಳಿದ ದಾಖಲೆ 10/40ರಿಂದ (25%) 30/40ಕ್ಕೆ (75%) ಏರಿತು. ಮತ್ತೆ ಸ್ಕೋರ್ ಮಾಡುವುದು 4/11ರಿಂದ 6/13 ಮಾತ್ರ. ಬೀಳುವಿಕೆ 1000 ರೋಗಿ-ದಿನಕ್ಕೆ 3.8 (3 ಮಂದಿ) ಮತ್ತು 1.2 (ಒಬ್ಬರು), ಸಂಖ್ಯೆ ಚಿಕ್ಕದಾದ್ದರಿಂದ ತೀರ್ಮಾನ ಸಾಧ್ಯವಿಲ್ಲ.

ತೀರ್ಮಾನ: ಮೂರು ಮಾನದಂಡಗಳ ಪಾಲನೆ ಹೆಚ್ಚಿತು. ಸ್ಥಿತಿ ಬದಲಾದಾಗ ಮತ್ತೆ ಸ್ಕೋರ್ ಮಾಡುವುದು ಇನ್ನೂ ದುರ್ಬಲ. ಮುಂದಿನ ಆಡಿಟ್ ರಾತ್ರಿ ಪಾಳಿಯನ್ನೂ ಒಳಗೊಳ್ಳಲಿದೆ.

55ರಿಂದ 90ಕ್ಕೆ ಏರಿದ್ದನ್ನು ‘35% ಹೆಚ್ಚಳ’ ಅನ್ನಬೇಡಿ, ಅದು 35 ಶೇಕಡಾ ಅಂಶ. ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿಲ್ಲದಿದ್ದರೆ ‘ಗಮನಾರ್ಹ’ ಅನ್ನೋ ಪದವೂ ಬೇಡ. ಕಳಿಸುವ ಮುಂಚೆ ಸಮ್ಮೇಳನದ ನಿಯಮದಲ್ಲಿ ಎರಡನ್ನು ನೋಡಿಕೊಳ್ಳಿ: ಶೀರ್ಷಿಕೆಯೂ ಪದ ಮಿತಿಯೊಳಗೆ ಸೇರುತ್ತದೆಯೇ, ಆಸ್ಪತ್ರೆಯ ಹೆಸರು ಹಾಕಬಹುದೇ. ಆಡಿಟ್‌ಗೆ ನಿಮ್ಮ ಆಸ್ಪತ್ರೆಯ ಲಿಖಿತ ಅನುಮತಿ ಇಲ್ಲದಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಇವತ್ತೇ ಮಾತಾಡಿ, ಪತ್ರ ಕೈಗೆ ಬರುವವರೆಗೂ ಕಳಿಸಬೇಡಿ.